ನೋಟ್‌ಬುಕ್ಕಿನ ನಾಟಕವನ್ನು ರಂಗಪ್ರತಿ ಮಾಡುವ ಬಗೆ

ಪ್ರಶ್ನೆ: ನಮ್ಮ ಅಪ್ಪ ಊರ ಜಾತ್ರೆಗೆ ಅಂತ ಬರೆದ ಒಂದು ಸಾಮಾಜಿಕ ನಾಟಕ ಎರಡು ನೋಟ್‌ಬುಕ್ಕಿನಲ್ಲಿದೆ. ಅಪ್ಪ ಈಗಿಲ್ಲ. ಊರಿನ ಹುಡುಗರು ಅದನ್ನು ಮತ್ತೆ ಆಡ್ತೀವಿ, ಟೈಪ್ ಮಾಡಿ ಕೊಡಿ ಅಕ್ಕಾ ಅಂತಿದ್ದಾರೆ. ಕೂತು ನೋಡಿದರೆ ಎಲ್ಲ ಒಂದೇ ಸಮ ಬರೆದಿದ್ದಾರೆ. ಯಾರ ಮಾತು ಎಲ್ಲಿ ಮುಗೀತು, ಯಾವುದು ಮಾತು, ಯಾವುದು ಸೂಚನೆ ಅಂತಲೇ ತಿಳಿಯಲ್ಲ. ಹೆಸರು, ದೃಶ್ಯ, ಕಂಸದ ಸೂಚನೆ ಎಲ್ಲ ಸರಿಯಾದ ಕ್ರಮದಲ್ಲಿ ಬರಬೇಕು ಅಂದರೆ ಹೇಗೆ ಮಾಡಲಿ ಸರ್? ಒಂದು ಪುಟದ ಫೋಟೊ, ಪಾತ್ರಗಳ ಪಟ್ಟಿ, ಆ ಪುಟದ ಮಾತುಗಳನ್ನು ನಾನು ಹಂಚಿ ನೋಡಿದ್ದು ಎಲ್ಲ ಕಳಿಸಿದ್ದೇನೆ. ಹಾಡುಗಳ ಪೂರ್ತಿ ಸಾಹಿತ್ಯ ನೋಟ್‌ಬುಕ್ಕಿನ ಹಿಂಭಾಗದಲ್ಲಿದೆ, ಅಲ್ಲಲ್ಲಿ ‘ಮು. ಪ.’ ಅಂತ ಚಿಕ್ಕದಾಗಿ ಬರೆದಿದ್ದಾರೆ.

ಉತ್ತರ:

ಫೋಟೊ ನೋಡಿದೆ. ಅಕ್ಷರ ದುಂಡಗೆ ಚೆನ್ನಾಗಿದೆ, ಓದಲು ಕಷ್ಟವಿಲ್ಲ. ಆದರೆ ನಿಮ್ಮ ತಂದೆ ಇದನ್ನು ಬರೆದದ್ದು ತಾವೇ ಮುಂದೆ ನಿಂತು ಆಡಿಸಲು. ಯಾರು ಯಾವಾಗ ಬರುತ್ತಾರೆ, ಕೈಯಲ್ಲಿ ಏನು ಹಿಡಿದಿರುತ್ತಾರೆ ಅನ್ನುವುದೆಲ್ಲ ಅವರ ತಲೆಯಲ್ಲಿತ್ತು. ತಾಲೀಮಿನಲ್ಲಿ ಬಾಯಿಂದ ಹೇಳಿದರೆ ಸಾಕಿತ್ತು, ಬರೆಯುವ ಅಗತ್ಯ ಬೀಳಲಿಲ್ಲ. ಈಗ ಅದನ್ನು ಪುಟದಿಂದಲೇ ಹುಡುಕಿ ತೆಗೆಯಬೇಕು. ಹುಡುಕಿ ನೀವು ಸೇರಿಸಿದ್ದು ಯಾವುದು, ಅವರು ಬರೆದದ್ದು ಯಾವುದು ಅಂತ ನಾಳೆ ಯಾರು ನೋಡಿದರೂ ತಿಳಿಯಬೇಕು. ಮಿಕ್ಕಿದ್ದು ಟೈಪಿಂಗ್ ಕೆಲಸ, ಅದು ಸುಲಭ.

ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ಕೆಲಸ ಮಾಡಿ. ಎರಡೂ ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೊ ತೆಗೆದಿಡಿ, ಖಾಲಿ ಪುಟ ಮತ್ತು ರಟ್ಟಿನ ಒಳಭಾಗ ಕೂಡ. ಹಾಡುಗಳು, ಪಾತ್ರ ಹಂಚಿದ ಪಟ್ಟಿ, ಖರ್ಚಿನ ಲೆಕ್ಕ ಎಲ್ಲ ಅಲ್ಲೇ ಸಿಗುತ್ತವೆ. ಆಮೇಲೆ ಪೆನ್ಸಿಲ್‌ನಲ್ಲಿ ಪುಟದ ಮೂಲೆಗೆ ನಿಮ್ಮದೇ ಸಂಖ್ಯೆ ಹಾಕಿ. ಅಪ್ಪ ಹಾಕಿದ ಸಂಖ್ಯೆ ಇದ್ದರೂ ಅದನ್ನು ಪೂರ್ತಿ ನಂಬಬೇಡಿ. ಕೈಬರಹದಲ್ಲಿ ಕನ್ನಡದ ೬ ಮತ್ತು ೯ ಒಂದೇ ಥರ ಕಾಣುತ್ತವೆ, ಅವಸರದಲ್ಲಿ ಬರೆದ ೨ ಮತ್ತು ೩ ಕೂಡ. ಹಾಳೆ ಕಿತ್ತು ಬಂದಿದ್ದರಂತೂ ಆರನೇ ದೃಶ್ಯ ಒಂಬತ್ತನೆಯದಾಗಿ ಹೋಗಿ ಕೂರುತ್ತದೆ, ಕಥೆಯೇ ಉಲ್ಟಾ ಆಗುತ್ತದೆ. ಅನುಮಾನ ಬಂದಲ್ಲಿ ಸಂಖ್ಯೆ ಬಿಟ್ಟು ಕಥೆ ನೋಡಿ. ಒಂದು ದೃಶ್ಯದಲ್ಲಿ ಕಳೆದುಹೋದ ವಸ್ತು ಇನ್ನೊಂದರಲ್ಲಿ ಕೈಯಲ್ಲಿದ್ದರೆ ಯಾವುದು ಮೊದಲು ಅಂತ ಅದೇ ಹೇಳುತ್ತದೆ.

ಕಂಪ್ಯೂಟರ್‌ನಲ್ಲಿ ಎರಡು ಫೈಲ್ ಮಾಡಿಕೊಳ್ಳಿ. ಮೊದಲನೆಯದು ಮೂಲ ಪ್ರತಿ. ಅಲ್ಲಿ ನೋಟ್‌ಬುಕ್ಕಿನಲ್ಲಿರುವುದನ್ನು ಇದ್ದ ಹಾಗೇ, ತಪ್ಪಿದ್ದರೆ ತಪ್ಪನ್ನೂ ಸೇರಿಸಿ ಟೈಪ್ ಮಾಡಿ. ಪ್ರತಿ ಪುಟ ಶುರುವಾಗುವಲ್ಲಿ [ಪು. 14] ಅಂತ ಹಾಕುತ್ತಾ ಹೋಗಿ. ಅದನ್ನು ನಕಲು ಮಾಡಿಕೊಂಡರೆ ಎರಡನೆಯದು, ಅಂದರೆ ರಂಗಪ್ರತಿ. ಹುಡುಗರ ಕೈಗೆ ಹೋಗುವುದು ಇದು. ತಾಲೀಮಿನಲ್ಲಿ ಯಾರಾದರೂ ಈ ಮಾತು ಸರಿಯಿಲ್ಲ ಅಂದಾಗ ಅರ್ಧ ನಿಮಿಷದಲ್ಲಿ ಮೂಲದ ಪುಟ ತೆಗೆದು ತೋರಿಸಬಹುದು. ಎರಡು ಸಲ ಯಾಕೆ ಅಂತ ನೇರವಾಗಿ ರಂಗಪ್ರತಿಗೇ ಕೈಹಾಕುವವರು ಜಾಸ್ತಿ. ಅವರು ನಾಲ್ಕನೇ ದೃಶ್ಯಕ್ಕೆ ಬರುವಷ್ಟರಲ್ಲಿ ಯಾವ ಮಾತನ್ನು ತಾವು ತಿದ್ದಿದೆವು ಅನ್ನುವುದನ್ನೇ ಮರೆತಿರುತ್ತಾರೆ.

ಈಗ ನಿಮ್ಮ ಪುಟವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಇರುವುದು ಹೀಗೆ:

ಸೀನ ೩. ರಾ. ಮನಿ. ಗೌ- ಬಂದ್ರೇನು ನೀರು ಕೊಡ್ಲೇನು (ರಾ ಚೀಲ ಒಗೆದು ಕೂಡುವನು) ಬ್ಯಾಡ ಗೌ- ಯಾಕ ಏನಾತು ರಾ- ಹೊಲ ಹೋತು ಗೌ- ಹಾಂ (ತಂಬಿಗಿ ಬೀಳುವುದು) ಶಿ ಬಂದು ನಿಲ್ಲುವನು ನನ್ನ ಕೆಲಸ ಆತು ವೈನಿ ಅಣ್ಣ ಯಾಕ ಹಿಂಗ ಕುಂತಾನ ಗೌ- ಎಲ್ಲಾ ಕಾಗದದಾಗ ಐತಿ ನೋಡ್ಕೊ ರಾ- ನನ್ನ ಸಹಿ ಅಲ್ಲ ಇದು. ಹಾಡು ೪. ಪರದೆ.

ಇದರ ಪಕ್ಕದ ಅಂಚಿನಲ್ಲಿ ಕೆಂಪು ಬಾಲ್‌ಪೆನ್ನಿನಲ್ಲಿ ‘ಹಾಡು ಬ್ಯಾಡ’ ಅಂತ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಪ್ರಶ್ನೆ ಹೆಸರಿನದು. ರಾ ಅಂದರೆ ರಾಮಣ್ಣ, ಶಿ ಅಂದರೆ ಅವನ ತಮ್ಮ ಶಿವ್ಯಾ. ಗೌ ಅಂದರೆ? ನೀವು ಬರೆದ ಪಾತ್ರಗಳ ಪಟ್ಟಿಯಲ್ಲಿ ರಾಮಣ್ಣನ ಹೆಂಡತಿ ಗೌರಿ ಇದ್ದಾಳೆ, ಊರಿನ ಗೌಡನೂ ಇದ್ದಾನೆ. ಈ ಪುಟದಲ್ಲಿ ಗೌ ನಾಲ್ಕು ಸಲ ಮಾತಾಡುತ್ತದೆ. ನೀವು ನಾಲ್ಕನ್ನೂ ಗೌರಿಗೆ ಕೊಟ್ಟಿದ್ದೀರಿ. ಮೊದಲ ಮೂರು ಅವಳದೇ, ಅನುಮಾನವಿಲ್ಲ. ನಾಲ್ಕನೆಯದು ಗೌಡನದು ಅಂತ ನನ್ನ ಲೆಕ್ಕ.

ಯಾಕೆ ಅಂತ ಹೇಳುತ್ತೇನೆ, ಯಾಕೆಂದರೆ ಇಂಥದ್ದು ಇಡೀ ನಾಟಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಗೌರಿ ಗಂಡನಿಗೆ ‘ಬಂದ್ರೇನು’ ಅನ್ನುತ್ತಾಳೆ, ಬಹುವಚನ. ನಾಲ್ಕನೇ ಮಾತಿನಲ್ಲಿ ಇರುವುದು ‘ನೋಡ್ಕೊ’, ಏಕವಚನ. ಉತ್ತರ ಕೊಡುವವನು ರಾಮಣ್ಣ. ಅಂದರೆ ಮಾತು ರಾಮಣ್ಣನಿಗೇ ಹೇಳಿದ್ದು. ಎರಡು ಕ್ಷಣದ ಹಿಂದೆ ‘ಬಂದ್ರೇನು’ ಅಂದವಳು ಈಗ ಗಂಡನಿಗೆ ‘ನೋಡ್ಕೊ’ ಅನ್ನುವುದಿಲ್ಲ. ಸಿಟ್ಟಿನಲ್ಲಿ ಅಂದಿರಬಹುದು ಅಂತೀರಾ? ಆಗಲೂ ಇನ್ನೊಂದು ತೊಡಕು ಉಳಿಯುತ್ತದೆ. ಕಾಗದ ಎಲ್ಲಿಂದ ಬಂತು? ಹೊಲ ಹೋದ ಸುದ್ದಿಯೇ ಗೌರಿಗೆ ಈಗ ತಿಳಿಯಿತು, ಕೈಯಲ್ಲಿದ್ದ ತಂಬಿಗೆ ಬಿತ್ತು. ಅವಳ ಹತ್ತಿರ ಕಾಗದ ಇರಲು ಸಾಧ್ಯವಿಲ್ಲ. ಬೇರೆ ಯಾರೋ ತರಬೇಕು. ಮೂರನೇ ಸಾಕ್ಷಿ ಮುಂದಿನ ದೃಶ್ಯದಲ್ಲಿದೆ. ಅದರ ಮೊದಲ ಸಾಲು ಫೋಟೊದ ಕೆಳತುದಿಯಲ್ಲಿ ಕಾಣುತ್ತಿದೆ: ‘ಶಿ- ಗೌಡ್ರ ಅವನ ಮನ್ಯಾಗ ನಿಂತು ಮಾತಾಡಿದ್ದು ಭಾಳ ಚಲೋ ಆತು.’ ಅಂದರೆ ಗೌಡ ಆ ಮನೆಗೆ ಹೋಗಿದ್ದ. ಅವನು ಒಳಗೆ ಬಂದದ್ದನ್ನು ನಿಮ್ಮ ತಂದೆ ಬರೆಯಲಿಲ್ಲ, ಅಷ್ಟೇ.

ಯಾವ ಮಾತು ಯಾರದು ಅನ್ನಲು ನೀನು, ನೀವು ಅನ್ನುವ ವ್ಯತ್ಯಾಸದಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ. ಅದರ ಜೊತೆಗೆ ಸಂಬಂಧ ಕರೆಯುವ ರೀತಿ ನೋಡಿ. ‘ವೈನಿ’ ಅಂದರೆ ಅತ್ತಿಗೆ, ಈ ಪುಟದಲ್ಲಿ ಹಾಗೆ ಕರೆಯುವವನು ಮೈದುನನೇ. ಹಾಗಾಗಿ ಟೈಪ್ ಮಾಡುವ ಮೊದಲು ಒಂದು ಹಾಳೆಯಲ್ಲಿ ಯಾರು ಯಾರನ್ನು ಏನಂತ ಕರೆಯುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಆ ಹಾಳೆ ಇದ್ದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಇದೇ ಕಾರಣಕ್ಕೆ ಭಾಷೆ ತಿದ್ದಲು ಹೋಗಬೇಡಿ. ‘ಬ್ಯಾಡ’ ಅನ್ನುವುದನ್ನು ‘ಬೇಡ’ ಮಾಡಿದರೆ, ‘ಹೋತು’ ಅನ್ನುವುದನ್ನು ‘ಹೋಯಿತು’ ಮಾಡಿದರೆ ಪಾತ್ರ ಸಪ್ಪೆಯಾಗುವುದಷ್ಟೇ ಅಲ್ಲ, ಗುರುತು ಹಿಡಿಯುವ ದಾರಿಯೂ ಮುಚ್ಚುತ್ತದೆ. ಒಂದೇ ಪಾತ್ರ ಒಮ್ಮೆ ‘ಬ್ಯಾಡ’, ಒಮ್ಮೆ ‘ಬೇಡ’ ಅಂದರೆ ಎರಡನ್ನೂ ಹಾಗೇ ಬಿಡಿ. ಸಾಹೇಬರ ಮುಂದೆ ಪುಸ್ತಕದ ಭಾಷೆ, ಮನೆಯಲ್ಲಿ ಮನೆ ಭಾಷೆ ಅಂತ ಅವರು ಬೇಕಂತಲೇ ಬರೆದಿರಬಹುದು.

ಎರಡನೇ ಪ್ರಶ್ನೆ, ಸೂಚನೆ ಎಲ್ಲಿ ಮುಗಿದು ಮಾತು ಎಲ್ಲಿ ಶುರುವಾಯಿತು ಅನ್ನುವುದು. ‘(ರಾ ಚೀಲ ಒಗೆದು ಕೂಡುವನು) ಬ್ಯಾಡ’ ಅನ್ನುವಲ್ಲಿ ‘ಬ್ಯಾಡ’ದ ಹಿಂದೆ ಹೆಸರಿಲ್ಲ. ಕಂಸದೊಳಗೆ ಯಾರ ಹೆಸರು ಬಂತೋ ಮುಂದಿನ ಮಾತೂ ಅವರದೇ ಅಂತ ಬರೆಯುವ ರೂಢಿ ನಿಮ್ಮ ತಂದೆಯವರಿಗಿದೆ. ನಾಲ್ಕು ಪುಟ ನೋಡಿದರೆ ಈ ರೂಢಿ ಖಾತ್ರಿಯಾಗುತ್ತದೆ. ಶಿವ್ಯಾನ ಪ್ರವೇಶಕ್ಕೆ ಕಂಸವೂ ಇಲ್ಲ. ಇಲ್ಲಿ ಕೈಹಿಡಿಯುವುದು ಕ್ರಿಯಾಪದ. ಸೂಚನೆ ಬರೆಯುವಾಗ ಅವರು ‘ಕೂಡುವನು, ಬೀಳುವುದು, ನಿಲ್ಲುವನು’ ಅಂತ ಪುಸ್ತಕದ ಕನ್ನಡ ಬಳಸುತ್ತಾರೆ. ಮಾತು ಬಂದ ಕೂಡಲೇ ‘ಆತು, ಐತಿ, ಕುಂತಾನ’ ಶುರು. ಭಾಷೆ ಬದಲಾದ ಜಾಗವೇ ಗಡಿ. ಉತ್ತರ ಕರ್ನಾಟಕದ ಹಳೇ ಹಸ್ತಪ್ರತಿಗಳಲ್ಲಿ ಈ ಉಪಾಯ ನನಗೆ ಬಹಳ ಸಲ ಕೆಲಸಕ್ಕೆ ಬಂದಿದೆ.

ಆ ಶಿವ್ಯಾನ ಮಾತಿನೊಳಗೇ ಇನ್ನೊಂದು ಗಡಿ ಇದೆ. ‘ನನ್ನ ಕೆಲಸ ಆತು’ ಅನ್ನುವುದನ್ನು ಅವನು ಅಣ್ಣನ ಮುಂದೆ ಗಟ್ಟಿಯಾಗಿ ಹೇಳಿದರೆ ನಾಟಕ ಅಲ್ಲೇ ಮುಗಿಯುತ್ತದೆ, ಅಲ್ವಾ? ಅದು ಸ್ವಗತ, ಪ್ರೇಕ್ಷಕರಿಗೆ ಮಾತ್ರ. ‘ವೈನಿ’ಯಿಂದ ಮುಂದಿನದು ಎಲ್ಲರಿಗೂ ಕೇಳಿಸುವ ಮಾತು. ಹಳೇ ನಾಟಕಗಳಲ್ಲಿ ಇದಕ್ಕೆ ‘ಪ್ರಕಾಶ’ ಅಂತ ಹಾಕುತ್ತಿದ್ದರು. ಈಗಿನ ಹುಡುಗರಿಗೆ ಆ ಪದ ಗೊತ್ತಿಲ್ಲದಿದ್ದರೆ ‘ಗಟ್ಟಿಯಾಗಿ’ ಅಂತ ಹಾಕಿ. ಸ್ವಗತ ಎಲ್ಲಿ ಮುಗಿಯಿತು ಅನ್ನುವುದನ್ನು ಮಾತ್ರ ಬರೆಯದೆ ಬಿಡಬೇಡಿ.

ಇಷ್ಟೆಲ್ಲ ತೀರ್ಮಾನ ಆದ ಮೇಲೆ ಆ ಪುಟ ರಂಗಪ್ರತಿಯಲ್ಲಿ ಹೀಗೆ ಬರುತ್ತದೆ:

ಅಂಕ 1, ದೃಶ್ಯ 3

ಸ್ಥಳ: ರಾಮಣ್ಣನ ಮನೆ
ಸಮಯ: [ಮೂಲದಲ್ಲಿ ಇಲ್ಲ]
ಪಾತ್ರಗಳು: ಗೌರಿ, ರಾಮಣ್ಣ, ಶಿವ್ಯಾ, [ಗೌಡ]

[ಗೌರಿ ತಂಬಿಗೆ ಹಿಡಿದು ನಿಂತಿದ್ದಾಳೆ. ರಾಮಣ್ಣ ಚೀಲ ಹೊತ್ತು ಬರುತ್ತಾನೆ.]

ಗೌರಿ: ಬಂದ್ರೇನು? ನೀರು ಕೊಡ್ಲೇನು?

(ರಾಮಣ್ಣ ಚೀಲ ಒಗೆದು ಕೂಡುವನು.)

[ರಾಮಣ್ಣ]: ಬ್ಯಾಡ.

ಗೌರಿ: ಯಾಕ, ಏನಾತು?

ರಾಮಣ್ಣ: ಹೊಲ ಹೋತು.

ಗೌರಿ: ಹಾಂ!

(ತಂಬಿಗಿ ಬೀಳುವುದು. ಶಿವ್ಯಾ ಬಂದು ನಿಲ್ಲುವನು.)

[ಶಿವ್ಯಾ]: [ಸ್ವಗತ] ನನ್ನ ಕೆಲಸ ಆತು. [ಗಟ್ಟಿಯಾಗಿ] ವೈನಿ, ಅಣ್ಣ ಯಾಕ ಹಿಂಗ ಕುಂತಾನ?

[ಗೌಡ ಕೈಯಲ್ಲಿ ಕಾಗದ ಹಿಡಿದು ಬರುತ್ತಾನೆ.]

ಗೌಡ: ಎಲ್ಲಾ ಕಾಗದದಾಗ ಐತಿ, ನೋಡ್ಕೊ.

ರಾಮಣ್ಣ: ನನ್ನ ಸಹಿ ಅಲ್ಲ ಇದು.

(ಹಾಡು 4)

(ಪರದೆ)

ದುಂಡು ಕಂಸದಲ್ಲಿರುವುದು ನಿಮ್ಮ ತಂದೆಯ ಸೂಚನೆ. ಚೌಕ ಕಂಸದಲ್ಲಿರುವುದೆಲ್ಲ ನೀವು ಸೇರಿಸಿದ್ದು. ಈ ಒಂದು ನಿಯಮವನ್ನು ಕೊನೆತನಕ ಪಾಲಿಸಿ. ನಾಳೆ ನಿರ್ದೇಶಕರು ‘ಇಲ್ಲ, ಗೌಡ ಮೊದಲೇ ಬಾಗಿಲಲ್ಲಿ ನಿಂತಿರಲಿ’ ಅಂದರೆ ಧಾರಾಳವಾಗಿ ಬದಲಾಯಿಸಬಹುದು, ಅದು ನಿಮ್ಮ ಊಹೆ. ಚೀಲ ಒಗೆಯುವುದನ್ನು ಬದಲಾಯಿಸುವಾಗ ಮಾತ್ರ ನಾಟಕಕಾರ ಬರೆದದ್ದನ್ನು ಬದಲಾಯಿಸುತ್ತಿದ್ದೇವೆ ಅಂತ ಅವರಿಗೆ ಗೊತ್ತಿರಬೇಕು. ಸಮಯಕ್ಕೆ ನಾನು ‘ಸಂಜೆ’ ಅಂತ ಹಾಕಲಿಲ್ಲ, ಗಮನಿಸಿ. ರೈತ ಚೀಲ ಹೊತ್ತು ಮನೆಗೆ ಬಂದ ಅಂದರೆ ಸಂಜೆಯೇ ಇರಬೇಕು ಅಂತ ಅನ್ನಿಸುತ್ತದೆ. ಆದರೆ ಅವನು ಕಚೇರಿಯಿಂದ ಮಧ್ಯಾಹ್ನ ಬಂದಿರಲೂಬಹುದು. ಪುಟದಲ್ಲಿ ಸಾಕ್ಷಿ ಇಲ್ಲದ್ದನ್ನು ಖಾಲಿ ಬಿಡಿ.

ತಂಬಿಗೆಯ ವಿಷಯಕ್ಕೆ ಬನ್ನಿ. ಮೂಲದಲ್ಲಿ ತಂಬಿಗೆ ಬೀಳುತ್ತದೆ, ಆದರೆ ಅದನ್ನು ಯಾರೂ ತಂದೇ ಇಲ್ಲ. ಬೀಳಬೇಕಾದ ವಸ್ತು ಮೊದಲೇ ಕೈಯಲ್ಲಿರಬೇಕು. ಹಾಗಾಗಿ ಅದನ್ನು ದೃಶ್ಯದ ಆರಂಭಕ್ಕೆ ತಂದೆ. ಕೈಬರಹದ ಪ್ರತಿಗಳಲ್ಲಿ ವಸ್ತುಗಳು ಯಾವಾಗಲೂ ಉಪಯೋಗಕ್ಕೆ ಬಂದ ಕ್ಷಣದಲ್ಲೇ ಕಾಣಿಸಿಕೊಳ್ಳುತ್ತವೆ. ಒಂದು ದೃಶ್ಯ ಟೈಪ್ ಆದ ಮೇಲೆ ಅದರಲ್ಲಿ ಬರುವ ವಸ್ತುಗಳನ್ನು ಮಾತ್ರ ಹುಡುಕುತ್ತಾ ಒಮ್ಮೆ ಓದಿ. ಇನ್ನೊಮ್ಮೆ ಬರುವವರು, ಹೋಗುವವರನ್ನು ಮಾತ್ರ ನೋಡುತ್ತಾ ಓದಿ. ನಿಮ್ಮ ಪುಟದ ಶಿವ್ಯಾ, ಗೌಡ ಇಬ್ಬರೂ ಮನೆಯಿಂದ ಹೊರಗೆ ಹೋಗಲೇ ಇಲ್ಲ, ಪರದೆ ಎದ್ದಾಗ ಮುಂದಿನ ದೃಶ್ಯದಲ್ಲಿ ಬೀದಿಯಲ್ಲಿ ನಿಂತಿರುತ್ತಾರೆ. ಪರದೆ ಬಿದ್ದಿರುವುದರಿಂದ ಇಲ್ಲಿ ನಡೆದುಹೋಗುತ್ತದೆ. ಆದರೆ ದೃಶ್ಯದ ನಡುವೆ ಹೀಗಾದರೆ ನಟ ಮಾತಿಲ್ಲದೆ ಹತ್ತು ನಿಮಿಷ ಸುಮ್ನೆ ನಿಂತಿರಬೇಕಾಗುತ್ತದೆ. ಕೈಬಿಟ್ಟ ನಿರ್ಗಮನ ಗೊತ್ತಾಗುವುದು ಸಾಮಾನ್ಯವಾಗಿ ಮೊದಲ ತಾಲೀಮಿನಲ್ಲಿ, ಅದೂ ಆ ನಟ ‘ನಾನಿನ್ನೂ ಇಲ್ಲೇ ಇದೀನಾ?’ ಅಂತ ಕೇಳಿದಾಗ.

ದೃಶ್ಯದ ತಲೆಬರಹದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ನಾಟಕ ಕಂಪನಿ ನಾಟಕದ ಧಾಟಿಯಲ್ಲಿದೆ. ಆ ಧಾಟಿಯಲ್ಲಿ ಒಂದು ದೃಶ್ಯ ರಂಗದ ಪೂರ್ತಿ ಆಳದಲ್ಲಿ, ಮನೆಯದೋ ದರ್ಬಾರಿನದೋ ಸಜ್ಜಿಕೆಯೊಂದಿಗೆ ನಡೆಯುತ್ತದೆ. ಮುಂದಿನದು ರಸ್ತೆ ಪರದೆಯ ಮುಂದೆ, ಎರಡು ಮೂರು ಪಾತ್ರಗಳೊಂದಿಗೆ. ಮುಂದೆ ಹಾಸ್ಯ ನಡೆಯುತ್ತಿರುವಾಗ ಹಿಂದೆ ಸಜ್ಜಿಕೆ ಬದಲಾಗುತ್ತದೆ. ಹಾಗಾಗಿ ತಲೆಬರಹದಲ್ಲಿ ಸ್ಥಳದ ಜೊತೆಗೆ ಪರದೆಯನ್ನೂ ಬರೆಯಬೇಕು: ‘ಪರದೆ: ರಸ್ತೆ’ ಅಂತಲೋ, ‘ಪೂರ್ತಿ ರಂಗ’ ಅಂತಲೋ. ನೋಟ್‌ಬುಕ್ಕಿನಲ್ಲಿ ಅಲ್ಲಲ್ಲಿ ‘ಮು. ಪ.’ ಅಂತ ಚಿಕ್ಕದಾಗಿ ಬರೆದಿದೆ ಅಂದಿದ್ದಿರಿ. ಬೀದಿ ಮತ್ತು ಹಾಸ್ಯದ ದೃಶ್ಯಗಳ ಮೇಲೇ ಅದು ಇದ್ದರೆ, ಮುಂದಿನ ಪರದೆ ಅಂತಲೇ ಓದಿಕೊಳ್ಳಿ. ಇದನ್ನು ಬಿಟ್ಟರೆ ಏನಾಗುತ್ತದೆ ಗೊತ್ತಾ? ಈಗಿನ ಹುಡುಗರಿಗೆ ಹಾಸ್ಯದ ದೃಶ್ಯ ಕಥೆಗೆ ಸಂಬಂಧವಿಲ್ಲ ಅನ್ನಿಸಿ ಕತ್ತರಿಸುತ್ತಾರೆ. ಆಮೇಲೆ ಮನೆಯ ಸಜ್ಜಿಕೆ ತೆಗೆದು ಕಚೇರಿ ಜೋಡಿಸಲು ಸಮಯವೇ ಇರುವುದಿಲ್ಲ, ಪ್ರೇಕ್ಷಕರು ಕತ್ತಲಲ್ಲಿ ಕಾಯುತ್ತಾ ಕೂರುತ್ತಾರೆ. ತಲೆಬರಹದಲ್ಲಿ ಪರದೆ ಬರೆದಿದ್ದರೆ ಕತ್ತರಿ ಹಾಕುವವನು ಒಮ್ಮೆ ಯೋಚಿಸುತ್ತಾನೆ.

ಇದೇ ಕಾರಣಕ್ಕೆ ಸಿನಿಮಾ ಸ್ಕ್ರಿಪ್ಟ್ ಬರೆಯುವ ತಂತ್ರಾಂಶ ಬಳಸಬೇಡಿ. ಅಲ್ಲಿನ ತಲೆಬರಹ ‘ಒಳಾಂಗಣ, ಮನೆ, ರಾತ್ರಿ’ ಅಂತ ಹೋಗುತ್ತದೆ, ಅದು ಕ್ಯಾಮೆರಾದವರಿಗೆ ಬೇಕಾದದ್ದು. ಅಂಕ, ಪರದೆ ಎರಡಕ್ಕೂ ಆ ತಲೆಬರಹದಲ್ಲಿ ಜಾಗವಿಲ್ಲ.

ಕೆಂಪು ಪೆನ್ನಿನ ‘ಹಾಡು ಬ್ಯಾಡ’ಕ್ಕೆ ಬರೋಣ. ಇದು ನಾಟಕಕಾರರ ತಿದ್ದುಪಡಿಯೋ, ಆ ವರ್ಷದ ಅನುಕೂಲವೋ? ಹಾಡುವ ನಟ ಆ ವರ್ಷ ಇರಲಿಲ್ಲ, ಹಾಡು ಬಿಟ್ಟರು ಅಂತಲೂ ಇರಬಹುದು. ಗುರುತಿಸಲು ಒಂದು ದಾರಿ ಇದೆ. ಕೆಂಪು ಶಾಯಿ ಬರೀ ಹೊಡೆದುಹಾಕಿದೆಯೋ, ಅಥವಾ ಹೊಡೆದ ಜಾಗದ ಹಿಂದುಮುಂದಿನ ಮಾತನ್ನೂ ಜೋಡಿಸಿ ಹೊಸದಾಗಿ ಬರೆದಿದೆಯೋ ನೋಡಿ. ಜೋಡಿಸಿ ಬರೆದಿದ್ದರೆ ಅದು ಯೋಚಿಸಿ ಮಾಡಿದ ಬದಲಾವಣೆ, ರಂಗಪ್ರತಿಯಲ್ಲಿ ಹೊಸದನ್ನೇ ಹಾಕಿ. ಬರೀ ‘ಬ್ಯಾಡ’ ಅಂತ ಇದ್ದರೆ ಹಾಡನ್ನು ಉಳಿಸಿ, ಪಕ್ಕದಲ್ಲಿ [ಮೂಲದಲ್ಲಿ ಕೆಂಪು ಶಾಯಿ: ಹಾಡು ಬ್ಯಾಡ] ಅಂತ ಬರೆಯಿರಿ. ಅಕ್ಷರವೂ ಅಪ್ಪನದೇನಾ ಅಂತ ಹೋಲಿಸಿ ನೋಡಿ. ಸೈಡ್ ವಿಂಗಿನಲ್ಲಿ ಕೂತು ಮಾತು ಹೇಳಿಕೊಡುವವರ ಕೈಯಲ್ಲಿ ಈ ನೋಟ್‌ಬುಕ್ಕೇ ಇರುತ್ತಿತ್ತು. ಅಂಚಿನ ಗುರುತುಗಳಲ್ಲಿ ಕೆಲವು ಅವರವು.

ಹಾಡಿನ ಪೂರ್ತಿ ಸಾಹಿತ್ಯ ನೋಟ್‌ಬುಕ್ಕಿನ ಹಿಂಭಾಗದಲ್ಲಿದೆ ಅಂದಿದ್ದೀರಿ. ಅದನ್ನು ಅಲ್ಲಿಂದ ತಂದು ದೃಶ್ಯದ ಒಳಗೇ ಇಡಿ, ಕೊನೆಗೆ ಸೇರಿಸಬೇಡಿ. ಸಾಲು ಸಾಲಾಗಿ, ಮಾತಿಗಿಂತ ಸ್ವಲ್ಪ ಒಳಗೆ ಸರಿಸಿ. ಪಲ್ಲವಿ, ಚರಣ ಬೇರೆ ಬೇರೆ ಕಾಣಬೇಕು. ಮೇಲೆ ಮಟ್ಟು ಬರೆದಿದ್ದರೆ, ಅಂದರೆ ಯಾವ ಹಾಡಿನ ಧಾಟಿ ಅಂತ ಇದ್ದರೆ, ಅದನ್ನು ಖಂಡಿತ ಉಳಿಸಿ. ಹಾರ್ಮೋನಿಯಂ ಮೇಷ್ಟ್ರಿಗೆ ಸಾಹಿತ್ಯಕ್ಕಿಂತ ಮೊದಲು ಬೇಕಾದದ್ದು ಅದು. ಯಾರು ಹಾಡುತ್ತಾರೆ ಅಂತ ಈ ಪುಟದಲ್ಲಿಲ್ಲ. ಸಾಹಿತ್ಯದಲ್ಲೇ ಸುಳಿವು ಹುಡುಕಿ: ‘ನನ್ನ ಗಂಡ’ ಅಂತಲೋ ‘ತಮ್ಮಾ’ ಅಂತಲೋ ಬಂದರೆ ಮುಗಿಯಿತು. ಬರೀ ಮೊದಲ ಸಾಲು ಇದ್ದು ಉಳಿದದ್ದು ಸಿಗದಿದ್ದರೆ ನೀವು ಬರೆದು ತುಂಬಬೇಡಿ. ಆಗ ಆಡಿದ್ದ ಹಿರಿಯರು ಊರಲ್ಲಿದ್ದರೆ ಹೋಗಿ ಕೇಳಿ. ಮಾತು ಮರೆತವರಿಗೂ ಹಾಡು ನೆನಪಿರುತ್ತದೆ.

ಇನ್ನು ಪುಟದ ರೂಪ. ಇಡೀ ಲೋಕ ಒಪ್ಪಿದ ಒಂದೇ ರೂಪ ಅಂತ ಇಲ್ಲ. ಅಮೆರಿಕದ ನಾಟಕ ಪ್ರತಿಗಳಲ್ಲಿ ಹೆಸರನ್ನು ಪುಟದ ನಡುಭಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹಾಕಿ, ಕೆಳಗೆ ಮಾತು ಬರೆಯುತ್ತಾರೆ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಚಿಕ್ಕಕ್ಷರ ಇಲ್ಲ, ಹಾಗಾಗಿ ನಡುವೆ ಇಟ್ಟ ಹೆಸರು ಮಾತಿನೊಂದಿಗೆ ಕಲಸಿಹೋಗುತ್ತದೆ. ಕನ್ನಡದಲ್ಲಿ ಅಚ್ಚಾದ ನಾಟಕಗಳಂತೆ ಹೆಸರು ಎಡಕ್ಕೆ, ದಪ್ಪ ಅಕ್ಷರದಲ್ಲಿ, ಮಾತು ಅದರ ಬಲಕ್ಕೆ ಇರಲಿ. ಮಾತಿನ ಎರಡನೇ ಸಾಲು ಹೆಸರಿನ ಕೆಳಗೆ ಬರಬಾರದು, ಮಾತಿನ ಕೆಳಗೇ ಬರಬೇಕು. ವರ್ಡ್‌ನಲ್ಲಿ ಪ್ಯಾರಾಗ್ರಾಫ್ ಸೆಟ್ಟಿಂಗಿನ `Hanging` ಅನ್ನುವುದು ಇದನ್ನು ಮಾಡುತ್ತದೆ. ಅಳತೆ ಒಂದೂವರೆ ಇಂಚು ಇಟ್ಟು, ಹೆಸರು ಮತ್ತು ಕೋಲನ್ ಆದ ಮೇಲೆ ಟ್ಯಾಬ್ ಒತ್ತಿ. ಸ್ಪೇಸ್ ಒತ್ತಿ ಒತ್ತಿ ಸಾಲು ಹೊಂದಿಸಬೇಡಿ, ಅಕ್ಷರದ ಗಾತ್ರ ಬದಲಿಸಿದ ಕೂಡಲೇ ಎಲ್ಲ ಕದಡುತ್ತದೆ. ಸೂಚನೆಗಳಿಗೆ ಓರೆ ಅಕ್ಷರ ಬೇಡ. ಬಹಳಷ್ಟು ಕನ್ನಡ ಫಾಂಟುಗಳಲ್ಲಿ ನಿಜವಾದ ಓರೆ ರೂಪ ಇಲ್ಲ, ಕಂಪ್ಯೂಟರ್ ಅಕ್ಷರವನ್ನು ಹಾಗೇ ವಾಲಿಸುತ್ತದೆ, ಒತ್ತಕ್ಷರ ಓದಲು ಹಿಂಸೆ. ಕಂಸ ಮತ್ತು ಸ್ವಲ್ಪ ಒಳಸರಿತ ಸಾಕು.

ಮಾತಿನ ನಡುವೆ ಬರುವ ಚಿಕ್ಕ ಸೂಚನೆ, ‘(ಮೆಲ್ಲಗೆ)’ ಥರದ್ದು, ಕೋಲನ್ ಆದ ಮೇಲೆ ಬರಲಿ. ಇನ್ನೊಬ್ಬರ ಚಲನೆಯಾದರೆ ಅದಕ್ಕೆ ಬೇರೆ ಸಾಲು. ಇವೆರಡನ್ನು ಬೆರೆಸಿದರೆ ಗೌರಿಯ ಮಾತಿನೊಳಗೆ ರಾಮಣ್ಣ ಕೂತುಬಿಡುತ್ತಾನೆ. ಎಡ, ಬಲ ಅಂತ ಬಳಸುವುದಾದರೆ ಯಾರ ಎಡ ಅಂತ ಮೊದಲ ಪುಟದಲ್ಲೇ ಹೇಳಿ. ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಎಡಬಲ ಅಂತ ಇಟ್ಟುಕೊಳ್ಳುವುದು ರಂಗಭೂಮಿಯ ರೂಢಿ.

ಪುಟ ಎ4, ಎಡಗಡೆ ಒಂದೂವರೆ ಇಂಚು ಬಿಡಿ, ಹೊಲಿದಾಗ ಹೆಸರುಗಳು ಮುಚ್ಚಿಹೋಗಬಾರದು. ಉಳಿದ ಕಡೆ ಒಂದಿಂಚು. ಅಕ್ಷರ 13 ಪಾಯಿಂಟ್, ಸಾಲಿನ ಅಂತರ ಒಂದೂವರೆ. ತಾಲೀಮು ನಡೆಯುವುದು ರಾತ್ರಿ ಗುಡಿಯ ಕಟ್ಟೆ ಮೇಲೆ, ಒಂದೇ ಬಲ್ಬಿನ ಕೆಳಗೆ, ಅದನ್ನು ನೆನಪಿಡಿ. ಫಾಂಟ್ ಯೂನಿಕೋಡ್ ಇರಲಿ, `Noto Serif Kannada` ಚೆನ್ನಾಗಿದೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಫೋನಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತದೆ. ಟೈಪಿಂಗ್ ಹೊರಗೆ ಮಾಡಿಸುವುದಾದರೆ ಇದನ್ನು ಮೊದಲೇ ಹೇಳಿ.

ಹೆಸರಿನ ಮುಂದೆ ಕೋಲನ್ ಹಾಕುವಾಗ ಒಂದು ಎಚ್ಚರ. ಕನ್ನಡದ ವಿಸರ್ಗ ಮತ್ತು ಕೋಲನ್ ನೋಡಲು ಒಂದೇ ಥರ ಇವೆ. ‘ಗೌರಿಃ’ ಅಂತ ವಿಸರ್ಗ ಹಾಕಿಬಿಟ್ಟರೆ, ‘ದುಃಖ’ವನ್ನು ‘ದು:ಖ’ ಅಂತ ಕೋಲನ್‌ನಿಂದ ಬರೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಹುಡುಕುವಾಗ ಮಾತ್ರ ಕೈಕೊಡುತ್ತದೆ. ವರ್ಡ್‌ನ `Find`ನಲ್ಲಿ ಎರಡನ್ನೂ ಬೇರೆ ಬೇರೆ ಹುಡುಕಿ ಸರಿಮಾಡಿ.

ಎಲ್ಲ ಟೈಪ್ ಆದ ಮೇಲೆ ಹೆಸರುಗಳನ್ನು ಪರೀಕ್ಷಿಸಲು ನಾನು ಮಾಡುವ ಕೆಲಸ ಇದು. ಫೈಲಿನ ಒಂದು ನಕಲು ಮಾಡಿ. ಅದರಲ್ಲಿ ಎಲ್ಲವನ್ನೂ ಆಯ್ಕೆ ಮಾಡಿ `Sort` ಒತ್ತಿ. ಪ್ಯಾರಾಗಳೆಲ್ಲ ಅಕಾರಾದಿಯಲ್ಲಿ ಜೋಡಣೆಯಾಗುತ್ತವೆ. ಗೌರಿಯ ಮಾತೆಲ್ಲ ಒಂದು ಕಡೆ, ಗೌಡನದೆಲ್ಲ ಒಂದು ಕಡೆ ಬರುತ್ತದೆ, ಚೌಕ ಕಂಸದಲ್ಲಿ ಹೆಸರಿರುವ ಮಾತುಗಳು ಮಾತ್ರ ಬೇರೆಯಾಗಿ ಬರುತ್ತವೆ. ನಡುವೆ ‘ಗೌರವ್ವ’ ಅಂತಲೋ ‘ಗೌರೀ’ ಅಂತಲೋ ನುಸುಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಹೆಸರಿಲ್ಲದ ಮಾತುಗಳು ಎಲ್ಲೆಲ್ಲೋ ಒಂಟಿಯಾಗಿ ನಿಂತಿರುತ್ತವೆ, ಅವು ಯಾರದು ಅಂತ ಮೂಲ ನೋಡಿ ತೀರ್ಮಾನಿಸಿ. ಇನ್ನೂ ಒಂದು ಲಾಭ ಇದೆ. ಗೌರಿಯ ಮಾತುಗಳನ್ನಷ್ಟೇ ಒಟ್ಟಿಗೆ ಓದುವಾಗ ಅವಳದಲ್ಲದ ಒಂದು ಮಾತು ಕಿವಿಗೆ ಹೊಡೆಯುತ್ತದೆ. ‘ನೋಡ್ಕೊ’ ಥರದ್ದು ಇಲ್ಲಿ ತಪ್ಪಿಸಿಕೊಳ್ಳಲಾರದು. ನೋಡಿ ಮುಗಿದ ಮೇಲೆ ಆ ನಕಲನ್ನು ಅಳಿಸಿಹಾಕಿ, ಅಕಸ್ಮಾತ್ ಅದೇ ಪ್ರಿಂಟಿಗೆ ಹೋದರೆ ಕಷ್ಟ.

ಚಿಹ್ನೆಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ತಂದೆ ಪ್ರಶ್ನೆ ಚಿಹ್ನೆ, ಅಲ್ಪವಿರಾಮ ಹಾಕಿಲ್ಲ. ಅವನ್ನು ನಾನು ಚೌಕ ಕಂಸವಿಲ್ಲದೆ ಸೇರಿಸಿದ್ದೇನೆ, ಇಲ್ಲದಿದ್ದರೆ ಪುಟ ಓದಲಾಗದಷ್ಟು ಗಿಜಿಗಿಜಿ ಆಗುತ್ತದೆ. ಹಾಗೆ ಸೇರಿಸಿದೆ ಅಂತ ಮೊದಲ ಪುಟದಲ್ಲಿ ಒಂದು ಸಾಲು ಬರೆದರೆ ಸಾಕು. ಆದರೆ ‘ಹಾಂ’ ಥರದ ಜಾಗದಲ್ಲಿ ನಿಧಾನಿಸಿ. ‘ಹಾಂ!’ ಅಂದರೆ ಗಾಬರಿ, ‘ಹಾಂ?’ ಅಂದರೆ ಕೇಳಿಸಲಿಲ್ಲ, ‘ಹಾಂ.’ ಅಂದರೆ ಒಪ್ಪಿಗೆ. ಇಲ್ಲಿ ತಂಬಿಗೆ ಬಿದ್ದದ್ದರಿಂದ ಗಾಬರಿ ಅಂತ ಖಚಿತವಾಯಿತು. ಸಾಕ್ಷಿ ಇಲ್ಲದ ಕಡೆ ಯಾವ ಚಿಹ್ನೆಯನ್ನೂ ಹಾಕದೆ ನಟನಿಗೆ ಬಿಡಿ.

ಪ್ರಿಂಟ್ ತೆಗೆಯುವಾಗ ಪ್ರತಿ ದೃಶ್ಯ ಹೊಸ ಪುಟದಿಂದ ಶುರುವಾಗಲಿ, ಸಂಖ್ಯೆ 1-3-14 ಅಂತ ಅಂಕ, ದೃಶ್ಯ, ಪುಟ ಮೂರನ್ನೂ ತೋರಿಸಲಿ. ತಾಲೀಮಿನಲ್ಲಿ ಒಂದು ದೃಶ್ಯ ಬದಲಾದರೆ ಅಷ್ಟೇ ಹಾಳೆ ತೆಗೆದು ಬೇರೆ ಹಾಕಬಹುದು. ಹಾಳೆಯ ಒಂದೇ ಮಗ್ಗುಲಿಗೆ ಪ್ರಿಂಟ್ ಹಾಕಿ, ಎದುರಿನ ಖಾಲಿ ಮಗ್ಗುಲಿನಲ್ಲಿ ನಿರ್ದೇಶಕರು ನಡೆ, ನಿಲುವು ಬರೆದುಕೊಳ್ಳುತ್ತಾರೆ. ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಇಂಗ್ಲಿಷ್ ಸ್ಕ್ರಿಪ್ಟುಗಳದು, ಅದನ್ನು ಇಲ್ಲಿ ನಂಬಬೇಡಿ. ಮೇಲಿನ ಪುಟವನ್ನೇ ಗಟ್ಟಿಯಾಗಿ ಓದಿದರೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಹಾಡು ಸೇರಿ, ಅದಕ್ಕೊಂದು ‘ಒನ್ಸ್ ಮೋರ್’ ಬಿದ್ದರೆ ಹತ್ತು ನಿಮಿಷ ದಾಟುತ್ತದೆ. ಹುಡುಗರನ್ನು ಸುತ್ತ ಕೂರಿಸಿ, ಗಡಿಯಾರ ಇಟ್ಟುಕೊಂಡು ಪೂರ್ತಿ ಓದಿಸಿ, ಪ್ರತಿ ದೃಶ್ಯಕ್ಕೆ ಹಿಡಿದ ಸಮಯವನ್ನು ಅದರ ತಲೆಬರಹದ ಪಕ್ಕ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಹಾಸ್ಯದ ದೃಶ್ಯಗಳ ಸಮಯವನ್ನು ಸಜ್ಜಿಕೆ ಜೋಡಿಸುವವರಿಗೆ ಬೇರೆಯಾಗಿ ಕೊಡಿ.